ಜನನ, ಮದುವೆ ಪ್ರಮಾಣಪತ್ರದ ಅನುವಾದಕ್ಕೆ ನೋಟರಿ ಬೇಕಾ?

ಪ್ರಶ್ನೆ: ನನ್ನ ಹೆಂಡತಿಯ ಜನನ ಪ್ರಮಾಣಪತ್ರ, ನಮ್ಮ ಮದುವೆ ಸರ್ಟಿಫಿಕೇಟ್ ಎರಡೂ ಕನ್ನಡದಲ್ಲಿವೆ. ಅಮೆರಿಕದ ಗ್ರೀನ್ ಕಾರ್ಡ್ ಅರ್ಜಿಗೆ ಇಂಗ್ಲಿಷ್ ಅನುವಾದ ಬೇಕು. ಸ್ಟಾಂಪ್ ಪೇಪರ್ ಮೇಲೆ ಬರೆಸಿ ನೋಟರಿ ಮಾಡಿಸಲೇಬೇಕಾ?

ಬೇಡ. ನಾನು ಹುಬ್ಬಳ್ಳಿಯಲ್ಲಿ ಇಂಥ ಅನುವಾದ ಮಾಡಿಕೊಡುತ್ತೇನೆ, ಜಾಸ್ತಿ ಜನ ಕೇಳುವುದೇ ಇದನ್ನು. ಅಮೆರಿಕದ ವಲಸೆ ಇಲಾಖೆಯ ನಿಯಮ ಕೇಳುವುದು ಅನುವಾದಕರ ಸಹಿ ಇರುವ ಒಂದು ಹೇಳಿಕೆ, ಅಷ್ಟೇ. ಅನುವಾದ ಪೂರ್ತಿಯಾಗಿದೆ, ಸರಿಯಾಗಿದೆ, ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುವಷ್ಟು ಎರಡೂ ಭಾಷೆ ನನಗೆ ಬರುತ್ತದೆ ಅಂತ ಅವರು ಬರೆಯಬೇಕು. ಕೆಳಗೆ ಹೆಸರು, ಸಹಿ, ವಿಳಾಸ, ತಾರೀಕು. ಯಾವ ದಾಖಲೆಯ ಅನುವಾದ ಅನ್ನುವುದೂ ಅದರಲ್ಲೇ ಇರಲಿ. ಜನನದ್ದಕ್ಕೆ ಒಂದು, ಮದುವೆಯದ್ದಕ್ಕೆ ಒಂದು ಅಂತ ಬೇರೆ ಬೇರೆ ಮಾಡಿಸಿ, ಪ್ರತಿಯೊಂದಕ್ಕೂ ಕನ್ನಡ ಪ್ರತಿಯ ಜೆರಾಕ್ಸ್ ಸೇರಿಸಿ.

ತೊಂದರೆ ಆಗುವುದು "ಪೂರ್ತಿ" ಅನ್ನುವ ಕಡೆ. ಗದಗ ತಾಲೂಕಿನ ಒಬ್ಬರು ಬೇರೆ ಕಡೆ ಮಾಡಿಸಿದ ಅನುವಾದ ತಂದಿದ್ದರು. ಹೆಸರು, ತಂದೆ-ತಾಯಿ, ಹುಟ್ಟಿದ ದಿನ, ಊರು ಎಲ್ಲಾ ಸರಿಯಾಗೇ ಇತ್ತು. ಆದರೆ ಅವರ ಜನನ ನೋಂದಣಿ ಆಗಿದ್ದು ಎಷ್ಟೋ ವರ್ಷ ತಡವಾಗಿ, ನ್ಯಾಯಾಲಯದ ಆದೇಶದ ಮೇಲೆ. ಆ ಆದೇಶದ ವಿವರ ಷರಾದಲ್ಲಿ ಕೈಬರಹದಲ್ಲಿತ್ತು, ಅನುವಾದದಲ್ಲಿ ಆ ಸಾಲೇ ಇಲ್ಲ! ಓದುವ ಅಧಿಕಾರಿಗೆ ಹುಟ್ಟಿದ ದಿನಕ್ಕೂ ನೋಂದಣಿ ದಿನಕ್ಕೂ ಇರುವ ದೊಡ್ಡ ಅಂತರ ಕಾಣುತ್ತದೆ, ಕಾರಣ ಕಾಣುವುದಿಲ್ಲ. ಹಾಗಾದಾಗ ಇನ್ನಷ್ಟು ದಾಖಲೆ ಕೊಡಿ ಅಂತ ಪತ್ರ ಬರುವ ಸಾಧ್ಯತೆ ಇರುತ್ತದೆ, ಕೇಸು ಸುಮ್ನೆ ತಡವಾಗುತ್ತದೆ. ಹಾಗಾಗಿ ಷರಾ, ಮೊಹರಿನೊಳಗಿನ ಅಕ್ಷರ, ಹಿಂಬದಿಯ ಬರಹ ಎಲ್ಲವೂ ಬರಬೇಕು. ಮೊಹರು ಮಾಸಿ ಓದಲು ಆಗದಿದ್ದರೆ "ಓದಲಾಗುತ್ತಿಲ್ಲ" ಅಂತ ಆ ಜಾಗದಲ್ಲಿ ಬರೆದರೆ ಸರಿ, ಊಹಿಸಿ ತುಂಬಬಾರದು.

ಇನ್ನೊಂದು, ಹೆಸರು. ನಮ್ಮ ಕಡೆ ದಾಖಲೆಯಲ್ಲಿ ಬಸವ್ವ, ಪಾಸ್‌ಪೋರ್ಟಿನಲ್ಲಿ ಬಸಮ್ಮ ಅಂತ ಇರುವುದು ಮಾಮೂಲಿ ಅಲ್ವಾ. ಒಂದೇ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಎರಡು ಥರ ಬರುವಂತಿದ್ದರೆ ಪಾಸ್‌ಪೋರ್ಟಿನದ್ದೇ ಹಾಕಿಸಿ, ತಪ್ಪಿಲ್ಲ. ಆದರೆ ಬಸವ್ವ ಅಂತ ಇದ್ದದ್ದನ್ನು ಬಸಮ್ಮ ಮಾಡಿ ಅಂತ ಅನುವಾದಕರಿಗೆ ಹೇಳಬೇಡಿ. ಸರಿಯಾಗಿದೆ ಅಂತ ಸಹಿ ಹಾಕುವವರು ಅವರು, ಆಮೇಲೆ ಆ ಸಹಿ ಸುಳ್ಳಾಗುತ್ತದೆ. ಇಬ್ಬರೂ ಒಬ್ಬರೇ ಅಂತ ಬೇರೆ ಅಫಿಡವಿಟ್ ಮಾಡಿಸಿ. ನೋಟರಿ ಬೇಕಾಗುವುದು ಅಲ್ಲಿ.

ನಿಮಗೆ ಸ್ಟಾಂಪ್ ಪೇಪರ್ ಅಂದವರು ಬಹುಶಃ ಕೆನಡಾ ಕೇಸು ನೋಡಿರಬೇಕು. ಅಲ್ಲಿ ಮಾನ್ಯತೆ ಪಡೆದ ಅನುವಾದಕರಲ್ಲದಿದ್ದರೆ ಅನುವಾದಕರೇ ಅಫಿಡವಿಟ್ ಕೊಡಬೇಕು, ಮನೆಯವರು ಮಾಡಿದ ಅನುವಾದ ನಡೆಯುವುದಿಲ್ಲ. ಅಮೆರಿಕದ ನಿಯಮದಲ್ಲಿ ಹಾಗೆ ಬರೆದಿಲ್ಲ. ಆದರೂ ಹೆಂಡತಿಯ ದಾಖಲೆಗೆ ನೀವೇ ಸಹಿ ಹಾಕುವ ಬದಲು ಹೊರಗಿನವರಿಂದ ಮಾಡಿಸಿ.