ತಂತಿ ನೇರವಾದ ಕ್ಷಣದಲ್ಲಿ ಏನು ನಡೆಯುತ್ತದೆ?

“ತರಂಗಗಳ ಪಾಠದಲ್ಲಿ ನನ್ನ ವಿದ್ಯಾರ್ಥಿಗಳು ಸೂತ್ರ ಹಾಕಿ ಸರಿಯುತ್ತರ ಬರೆಯುತ್ತಾರೆ. ಆದರೆ ಅಧ್ಯಾರೋಪಣ, ನಿಸ್ಪಂದ, ಪ್ರಸ್ಪಂದಗಳು ನಿಜವಾಗಿ ಅರ್ಥವಾಗಿವೆಯೇ ಎಂದು ತಿಳಿಯುವ ಕೆಲವು ಪ್ರಶ್ನೆಗಳನ್ನು ಉತ್ತರದೊಂದಿಗೆ ಕೊಡುವಿರಾ?”
— ಒಬ್ಬ ಅಧ್ಯಾಪಕಿ

ಮೇಡಂ, ಮೂರು ಪ್ರಶ್ನೆಗಳು ಸಾಕು.

ಮೊದಲನೆಯದು: ಬಿಗಿದ ಹಗ್ಗದಲ್ಲಿ ಮೇಲುಬ್ಬಿದ ಒಂದು ಸ್ಪಂದ ಬಲಕ್ಕೂ, ಅದೇ ಆಕಾರ ಮತ್ತು ಎತ್ತರದ ತಲೆಕೆಳಗಾದ ಸ್ಪಂದ ಎಡಕ್ಕೂ ಸಾಗುತ್ತಿವೆ. ಎರಡೂ ಪೂರ್ತಿ ಒಂದರ ಮೇಲೊಂದು ಬಂದಾಗ ಹಗ್ಗ ನೇರವಾಗುತ್ತದೆ. ಆಗ ಶಕ್ತಿ ಎಲ್ಲಿದೆ?

“ಎರಡೂ ರದ್ದಾದವು” ಎಂದು ಬರೆದವರು ಸ್ಥಾನಪಲ್ಲಟವನ್ನು ಮಾತ್ರ ಕೂಡಿಸಿ, ವೇಗವನ್ನು ಮರೆತಿದ್ದಾರೆ. ಅತಿವ್ಯಾಪ್ತಿಯ ಬಲ ಅರ್ಧವನ್ನು ನೋಡಿ. ಅದು ಮೊದಲ ಸ್ಪಂದದ ಮುಂಭಾಗ, ಆದ್ದರಿಂದ ಅಲ್ಲಿನ ಕಣಗಳು ಮೇಲೇರಬೇಕು. ಎರಡನೆಯದಕ್ಕೆ ಅದು ಹಿಂಭಾಗ; ತಗ್ಗಿದ್ದ ಕಣಗಳು ಸ್ವಸ್ಥಾನಕ್ಕೆ ಮರಳಲು ಅವೂ ಮೇಲೇರಬೇಕು. ಹೀಗೆ ಬಲ ಅರ್ಧ ಇಮ್ಮಡಿ ವೇಗದಲ್ಲಿ ಮೇಲಕ್ಕೂ, ಎಡ ಅರ್ಧ ಅಷ್ಟೇ ವೇಗದಲ್ಲಿ ಕೆಳಕ್ಕೂ ಚಲಿಸುತ್ತಿರುತ್ತದೆ. ಶಕ್ತಿಯೆಲ್ಲ ಆ ಕ್ಷಣ ಚಲನಶಕ್ತಿಯಾಗಿದೆ. ಹಗ್ಗ ನಿಶ್ಚಲವಾಗಿದ್ದರೆ ಸ್ಪಂದಗಳು ಮತ್ತೆ ಮೂಡಿ ಮುಂದೆ ಸಾಗುವುದಾದರೂ ಹೇಗೆ? ಈ ಮರುಪ್ರಶ್ನೆಯನ್ನು ತಪ್ಪದೆ ಕೇಳಿ.

ಎರಡನೆಯದು: ಎರಡೂ ತುದಿ ಬಿಗಿದ 120 ಸೆಂ.ಮೀ. ತಂತಿ ಮೂರು ಕುಣಿಕೆಗಳಾಗಿ ಕಂಪಿಸುತ್ತಿದೆ. ಪ್ರಸ್ಪಂದದ ಪಾರ 2 ಸೆಂ.ಮೀ. ಎಡತುದಿಯಿಂದ 10, 30 ಮತ್ತು 50 ಸೆಂ.ಮೀ. ದೂರದ ಬಿಂದುಗಳ ಚಲನೆಯನ್ನು ಹೋಲಿಸಿ.

ನಿಸ್ಪಂದಗಳು 0, 40, 80, 120ರಲ್ಲಿವೆ. ತರಂಗದೂರ 80 ಸೆಂ.ಮೀ. ಮೂರೂ ಬಿಂದುಗಳು ಹತ್ತಿರದ ನಿಸ್ಪಂದದಿಂದ 10 ಸೆಂ.ಮೀ. ದೂರದಲ್ಲಿರುವುದರಿಂದ ಮೂರರ ಪಾರವೂ ಒಂದೇ, ಸುಮಾರು 1.4 ಸೆಂ.ಮೀ. 10 ಮತ್ತು 30 ಒಂದೇ ಕುಣಿಕೆಯೊಳಗಿವೆ, ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. 50 ನಿಸ್ಪಂದದ ಆಚೆಗಿದೆ, ಅವು ಏರುವಾಗ ಇದು ಇಳಿಯುತ್ತದೆ. “10 ಮತ್ತು 30ರ ಅಂತರ ತರಂಗದೂರದ ಕಾಲು ಭಾಗ, ಹಾಗಾಗಿ ಕಲಾಂತರ 90 ಡಿಗ್ರಿ” ಎಂಬ ಉತ್ತರ ಬಂದರೆ ಕಾರಣ ಸ್ಪಷ್ಟ: ಚಲಿಸುವ ತರಂಗದ ನಿಯಮವನ್ನು ಸ್ಥಾಯೀ ತರಂಗಕ್ಕೆ ಹಚ್ಚಿದ್ದಾರೆ. ನನ್ನ ದೃಷ್ಟಿಯಲ್ಲಿ ಇಡೀ ಪಾಠದ ತಿರುಳು ಈ ಪ್ರಶ್ನೆಯಲ್ಲೇ ಇದೆ.

ಕೊನೆಯದು ಚಿಕ್ಕದು: ಇದೇ ತಂತಿಯನ್ನು 40ರಲ್ಲಿ, ಆಮೇಲೆ 60ರಲ್ಲಿ ಬೆರಳಿನಿಂದ ಹಗುರವಾಗಿ ಮುಟ್ಟಿದರೆ?

40 ನಿಸ್ಪಂದ, ಅಲ್ಲಿ ಮುಟ್ಟಿದರೂ ಕಂಪನ ಉಳಿಯುತ್ತದೆ. 60 ಪ್ರಸ್ಪಂದ, ಅಲ್ಲಿ ಮುಟ್ಟಿದರೆ ಕುಣಿಕೆಗಳು ಬೇಗ ಅಡಗುತ್ತವೆ. ಜಾಣ ವಿದ್ಯಾರ್ಥಿಯೊಬ್ಬ, ಪ್ರಯೋಗದಲ್ಲಿ 40ರ ಬಿಂದುವೂ ಕೊಂಚ ಅಲುಗುತ್ತದಲ್ಲ ಎಂದರೆ ಅದನ್ನು ತಪ್ಪೆನ್ನಬೇಡಿ. ಪ್ರತಿಫಲಿಸಿ ಬರುವ ತರಂಗ ಸ್ವಲ್ಪ ಶಕ್ತಿ ಕಳೆದುಕೊಂಡಿರುತ್ತದೆ. ತುದಿಯತ್ತ ಹೋಗುವ ತರಂಗದ ಮತ್ತು ಪ್ರತಿಫಲಿಸಿ ಬರುವ ತರಂಗದ ಪಾರಗಳು ಸಮವಾಗಿಲ್ಲದಿದ್ದಾಗ ನಿಸ್ಪಂದದಲ್ಲಿ ಅವುಗಳ ವ್ಯತ್ಯಾಸದಷ್ಟು ಕಂಪನ ಉಳಿಯುತ್ತದೆ.

— ಸಂಪಾದಕ