ನೂರಕ್ಕೆ ಇಪ್ಪತ್ತೈದು ಸರಿ, ಆದರೆ ಯಾವ ನೂರು?

"ಮೇಡಂ, ನಿರುದ್ಯೋಗದ ಬಗ್ಗೆ ಒಂದು ಲೇಖನ ಕಳಿಸಿದ್ದೇನೆ. ತಿಂಗಳಿಗೆ ನೂರಕ್ಕೆ 2 ಜನ ಕೆಲಸ ಕಳೆದುಕೊಂಡು, ನೂರಕ್ಕೆ 25 ಜನ ಕೆಲಸ ಹಿಡಿಯುವ ಊರಿನಲ್ಲಿ ನಿರುದ್ಯೋಗ ಬೇಗ ಸೊನ್ನೆಗೆ ಬರುತ್ತದೆ ಎಂದು ಲೆಕ್ಕ ತೋರಿಸಿದ್ದೇನೆ. ಪ್ರಕಟಿಸಬಹುದಾ? ತಪ್ಪಿದ್ದರೆ ನೇರವಾಗಿ ಹೇಳಿ."

ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ನಿಮ್ಮ ಭಾಷೆ ಚೆನ್ನಾಗಿದೆ, ಮುಖ್ಯ ತಪ್ಪಿರುವುದು ಎರಡನೇ ಪುಟದ ಒಂದೇ ಸಾಲಿನಲ್ಲಿ. ಆದರೆ ಉಳಿದ ಲೇಖನವೆಲ್ಲ ಅದರ ಮೇಲೇ ನಿಂತಿದೆ. ಅಲ್ಲಿ ನೀವು 25ರಿಂದ 2 ಕಳೆದಿದ್ದೀರಿ. ಅವೆರಡನ್ನು ಹಾಗೆ ಕಳೆಯಲು ಬರುವುದಿಲ್ಲ. 2 ಅನ್ನುವುದು ಕೆಲಸದಲ್ಲಿ ಇರುವವರಲ್ಲಿ ನೂರಕ್ಕೆ ಇಬ್ಬರು. 25 ಅನ್ನುವುದು ಕೆಲಸ ಇಲ್ಲದವರಲ್ಲಿ ನೂರಕ್ಕೆ ಇಪ್ಪತ್ತೈದು. ನೂರು ಅನ್ನುವ ಪದ ಒಂದೇ, ಗುಂಪು ಬೇರೆ.

ತಲೆ ಎಣಿಸಿ ನೋಡೋಣ. ದುಡಿಯುವವರು, ಕೆಲಸ ಹುಡುಕುವವರು ಎಲ್ಲ ಸೇರಿ 2700 ಜನರ ಊರು ಅಂದುಕೊಳ್ಳಿ. ಈಗ 500 ಜನರಿಗೆ ಕೆಲಸ ಇಲ್ಲ, 2200 ಜನರಿಗೆ ಇದೆ. ಮೊದಲ ತಿಂಗಳು 125 ಜನರಿಗೆ ಕೆಲಸ ಸಿಗುತ್ತದೆ, 44 ಜನರಿಗೆ ಹೋಗುತ್ತದೆ. ಉಳಿದ ನಿರುದ್ಯೋಗಿಗಳು 419. ಮುಂದಿನ ತಿಂಗಳು ಸುಮಾರು 360, ಅದರ ಮುಂದಿನ ತಿಂಗಳು 317. ಮೊದಲು 81 ಇಳಿಯಿತು, ಆಮೇಲೆ 59, ಆಮೇಲೆ 43. ಇಳಿತ ಯಾಕೆ ಸಣ್ಣದಾಗುತ್ತಾ ಬಂತು? ನಿರುದ್ಯೋಗಿಗಳು ಕಡಿಮೆಯಾದಂತೆ ಅವರಲ್ಲಿ ಕಾಲು ಭಾಗವೂ ಕಡಿಮೆಯಾಗುತ್ತದೆ. ಅತ್ತ ಕೆಲಸದಲ್ಲಿರುವವರು ಜಾಸ್ತಿಯಾದಂತೆ ಕಳೆದುಕೊಳ್ಳುವವರೂ ಜಾಸ್ತಿ.

ನಿರುದ್ಯೋಗಿಗಳು 200ಕ್ಕೆ ಬಂದಾಗ 50 ಜನ ಕೆಲಸ ಹಿಡಿಯುತ್ತಾರೆ. ಉಳಿದ 2500ರಲ್ಲಿ 50 ಜನ ಕಳೆದುಕೊಳ್ಳುತ್ತಾರೆ. ಅಲ್ಲಿಗೆ ಸಂಖ್ಯೆ ನಿಂತಿತು, ಜನ ನಿಂತಿಲ್ಲ. ಪ್ರತಿ ತಿಂಗಳೂ ನೂರು ಜನರ ಬದುಕು ಬದಲಾಗುತ್ತಲೇ ಇರುತ್ತದೆ. ಇದನ್ನೇ ಸ್ಥಿರ ಸ್ಥಿತಿ ಅನ್ನುವುದು. ಬೇಕಾದರೆ 80 ನಿರುದ್ಯೋಗಿಗಳಿಂದ ಶುರು ಮಾಡಿ: 20 ಜನರಿಗೆ ಕೆಲಸ ಸಿಕ್ಕರೆ 52 ಜನರಿಗೆ ಹೋಗುತ್ತದೆ, ನಿರುದ್ಯೋಗ ಏರುತ್ತದೆ. ಮೇಲಿಂದ ಬಂದರೂ ಕೆಳಗಿಂದ ಬಂದರೂ 200ರ ಕಡೆಗೇ. ಕೆಲಸ ಕಳೆಯುವ ದರ s, ಸಿಗುವ ದರ f, ಸ್ಥಿರ ಸ್ಥಿತಿಯ ನಿರುದ್ಯೋಗ ದರ u ಆದರೆ ಸೂತ್ರ ಇಷ್ಟೇ:

```
u = s / (s + f)
```

2ನ್ನು 27ರಿಂದ ಭಾಗಿಸಿದರೆ ನೂರಕ್ಕೆ 7.4. ಸೊನ್ನೆ ಅಲ್ಲ. s ಸೊನ್ನೆಯಾಗದೆ u ಸೊನ್ನೆಯಾಗುವುದಿಲ್ಲ.

ಕೊನೆಯ ಪುಟದಲ್ಲಿ "ಒಂದೇ ನಿರುದ್ಯೋಗ ದರ ಇರುವ ಎರಡು ದೇಶಗಳ ಪಾಡೂ ಒಂದೇ" ಎಂದು ಬರೆದಿದ್ದೀರಿ. ಇದನ್ನು ಓದಿ ನನಗೆ ನಿಜವಾಗಿ ಬೇಜಾರಾಯಿತು, ಯಾಕೆಂದರೆ ಈ ಸೂತ್ರದ ಒಳ್ಳೆಯ ಉಪಯೋಗ ಇರುವುದೇ ಇಲ್ಲಿ. ಒಂದು ದೇಶದಲ್ಲಿ s 3, f 45. ಇನ್ನೊಂದರಲ್ಲಿ s 0.5, f 7.5. ಲೆಕ್ಕ ಹಾಕಿ, ಎರಡರಲ್ಲೂ ನೂರಕ್ಕೆ 6.25. ಆದರೆ ಕೆಲಸ ಹೋದವನು ಮೊದಲ ದೇಶದಲ್ಲಿ ಸರಾಸರಿ ಎರಡು ತಿಂಗಳು ಚಿಲ್ಲರೆ ಕಾಯುತ್ತಾನೆ, ಎರಡನೆಯದರಲ್ಲಿ ಹದಿಮೂರು ತಿಂಗಳಿಗೂ ಜಾಸ್ತಿ. 100ನ್ನು f ಇಂದ ಭಾಗಿಸಿದರೆ ಈ ಕಾಯುವ ಕಾಲ ಸಿಗುತ್ತದೆ. ಹದಿಮೂರು ತಿಂಗಳು ಸಂಬಳ ಇಲ್ಲದ ಮನೆ ಬೇರೆಯೇ, ಅಲ್ವಾ?

ಇವು ನಾನು ಆರಿಸಿದ ಅಂಕಿಗಳು, ಆದರೆ ಚಿತ್ರ ಸುಳ್ಳಲ್ಲ. ಎಲ್ಸ್‌ಬಿ, ಹೋಬೈನ್ ಮತ್ತು ಶಾಹಿನ್ ಎಂಬ ಅರ್ಥಶಾಸ್ತ್ರಜ್ಞರು 2013ರಲ್ಲಿ 14 ದೇಶಗಳನ್ನು ಹೋಲಿಸಿದರು. ನಿರುದ್ಯೋಗದಿಂದ ತಿಂಗಳಿಗೆ ಹೊರಬರುವವರು ಅಮೆರಿಕದಂಥ ದೇಶಗಳಲ್ಲಿ ನೂರಕ್ಕೆ 20ಕ್ಕಿಂತ ಜಾಸ್ತಿ, ಯೂರೋಪ್ ಖಂಡದ ದೊಡ್ಡ ದೇಶಗಳಲ್ಲಿ 10ಕ್ಕಿಂತ ಕಡಿಮೆ ಇದ್ದರು. ವೇಗಕ್ಕೂ ಇದರ ಪರಿಣಾಮ ಇದೆ. ಸ್ಥಿರ ಮಟ್ಟಕ್ಕಿರುವ ಅಂತರ ತಿಂಗಳಿಗೆ ನೂರಕ್ಕೆ s + f ಅಷ್ಟು ಭಾಗ ಕರಗುತ್ತದೆ. ನನ್ನ ಮೊದಲ ದೇಶದಲ್ಲಿ ಒಂದೇ ತಿಂಗಳಿಗೆ ಹೆಚ್ಚುಕಡಿಮೆ ಅರ್ಧ, ಎರಡನೆಯದರಲ್ಲಿ ಅರ್ಧ ಕರಗಲು ಎಂಟು ತಿಂಗಳ ಮೇಲೆ ಬೇಕು. ಹಾಗಾಗಿ ನಿಧಾನದ ದೇಶದಲ್ಲಿ ಈ ಸೂತ್ರದ ಉತ್ತರವನ್ನೇ ಇವತ್ತಿನ ನಿರುದ್ಯೋಗ ಎಂದು ಬರೆದರೆ ತಪ್ಪಾಗುತ್ತದೆ.

25 ಎಲ್ಲಿಂದ ಬಂತು ಎಂದೂ ನೀವು ಹೇಳಿಲ್ಲ. ಅಮೆರಿಕದ ಮನೆಮನೆ ಸಮೀಕ್ಷೆಯಲ್ಲಿ ಎಷ್ಟು ವಾರದಿಂದ ಕೆಲಸ ಹುಡುಕುತ್ತಿದ್ದೀರಿ ಎಂದು ಕೇಳುತ್ತಾರೆ, ಅದರಿಂದ ಇಂಥ ದರ ಲೆಕ್ಕ ಹಾಕುತ್ತಾರೆ. ನಮ್ಮ ಊರಿನ 419ರಲ್ಲಿ ತಿಂಗಳೊಳಗಿನ ಹೊಸಬರು 44, ಹಳಬರು 375. ಅಂದರೆ 500ರಲ್ಲಿ 125 ಜನ ಹೊರಹೋದರು. ಆದರೆ ಅವರೆಲ್ಲ ಕೆಲಸಕ್ಕೇ ಹೋದರೇ? ಕೆಲವರು ಹುಡುಕುವುದನ್ನೇ ಬಿಟ್ಟಿರಬಹುದು. ಎರಡೇ ಗುಂಪಿನ ಈ ಲೆಕ್ಕದಲ್ಲಿ ಅವರಿಗೆ ಜಾಗವಿಲ್ಲ, ಹಾಗಾಗಿ f ಸುಮ್ನೆ ದೊಡ್ಡದಾಗಿ ಕಾಣುತ್ತದೆ. ನೀವು ಕೊಟ್ಟಿರುವ ಕೂಲಿಯವರ ಉದಾಹರಣೆಯನ್ನೇ ತೆಗೆದುಕೊಳ್ಳಿ. ನಮ್ಮ ದೇಶದ ಸಾಪ್ತಾಹಿಕ ಲೆಕ್ಕದಲ್ಲಿ ವಾರದಲ್ಲಿ ಒಂದು ಗಂಟೆ ದುಡಿದರೂ ಕೆಲಸ ಇದ್ದಂತೆ. ವಾರಕ್ಕೆ ಎರಡು ದಿನ ಕೂಲಿ ಸಿಕ್ಕವರನ್ನು ಈ ಎರಡು ಗುಂಪಿನಲ್ಲಿ ನೀವು ಎಲ್ಲಿ ಇಡುತ್ತೀರಿ?

ಎರಡನೇ ಪುಟದ ಲೆಕ್ಕ, ಕೊನೆಯ ಪುಟದ ಹೋಲಿಕೆ, ಇವೆರಡನ್ನು ಹೊಸದಾಗಿ ಬರೆದು ಕಳಿಸಿ. ಉಳಿದದ್ದಕ್ಕೆ ನಾನು ಕೈ ಹಾಕುವುದಿಲ್ಲ.