ಸಹಿ ಹಾಕಿದವನು ನಾನೇ

"ನಮ್ಮ ಟೀಮಿನಲ್ಲಿ ಎಲ್ಲರಿಗೂ ಬೇಕಾದ ಹುಡುಗ ಒಬ್ಬ ಖರ್ಚಿನ ಕ್ಲೇಮಿನಲ್ಲಿ ಸ್ವಲ್ಪ ಸ್ವಲ್ಪ ಜಾಸ್ತಿ ಬರೆಯುತ್ತಿದ್ದಾನೆ. ಕರೆದು ಬುದ್ಧಿ ಹೇಳಲಾ, ಮೇಲಿನವರಿಗೆ ತಿಳಿಸಲಾ?"

ನಿಮ್ಮ ಈ ಪ್ರಶ್ನೆ ನನಗೂ ಬಂದಿತ್ತು. ನಾನು ಕರೆದು ಬುದ್ಧಿ ಹೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಯಾರ ಕೆಲಸ ಬಾಕಿ ಉಳಿದರೂ ತಾನೇ ಮೈಮೇಲೆ ಹಾಕಿಕೊಳ್ಳುವವನು ನಮ್ಮವನು. ಅವನ ಕ್ಲೇಮ್ ಬಂದರೆ ನಾನು ಒಟ್ಟು ಮೊತ್ತ ನೋಡಿ ಸಹಿ ಹಾಕಿಬಿಡುತ್ತಿದ್ದೆ. ಒಂದು ದಿನ ಬೇರೇನೋ ಹುಡುಕುವಾಗ ಅವನ ಮೂರು ಟ್ಯಾಕ್ಸಿ ರಸೀದಿಗಳು ಒಟ್ಟಿಗೆ ಕೈಗೆ ಬಂದವು. ತಾರೀಖುಗಳ ನಡುವೆ ಎರಡೆರಡು ವಾರ. ರಸೀದಿ ನಂಬರ್ ಮಾತ್ರ 412, 413, 414. ಅಷ್ಟು ದಿನ ಆ ಡ್ರೈವರ್ ಬೇರೆ ಯಾರಿಗೂ ರಸೀದಿ ಕೊಡಲೇ ಇಲ್ವಾ? ಮೂರರಲ್ಲೂ ಒಂದೇ ಶಾಯಿ, ಒಂದೇ ಕೈಬರಹ. ಖಾಲಿ ರಸೀದಿ ತಂದು ತಾನೇ ತುಂಬಿದ್ದ.

ಆವತ್ತೇ ಸಂಜೆ ಪಕ್ಕಕ್ಕೆ ಕರೆದು ಕೇಳಿದೆ. ತಲೆ ತಗ್ಗಿಸಿದ. "ಇನ್ನು ಮಾಡಲ್ಲ ಸಾರ್" ಅಂದ. "ಆಯ್ತು, ಇದು ನಮ್ಮಿಬ್ಬರಲ್ಲೇ ಇರಲಿ" ಅಂದೆ.

ನಾನು ಕೆಟ್ಟಿದ್ದು ಆ ಮಾತಿನಿಂದ. ಅಲ್ಲಿಯವರೆಗೆ ನಾನು ಸುಮ್ನೆ ಬೇಜವಾಬ್ದಾರಿ ಮ್ಯಾನೇಜರ್ ಆಗಿದ್ದೆ. ಆಮೇಲೆ ಗೊತ್ತಿದ್ದೂ ಮುಚ್ಚಿಟ್ಟವನಾದೆ. ಇನ್ನೊಂದು, ನಾನು ಯಾವುದನ್ನು ನೋಡುತ್ತೇನೆ ಅನ್ನೋದು ಅವನಿಗೆ ತಿಳಿದುಹೋಯಿತು. ಟ್ಯಾಕ್ಸಿ ರಸೀದಿ ನಿಂತವು, ಸ್ವಂತ ಗಾಡಿಯ ಲೆಕ್ಕ ಶುರುವಾಯಿತು. ಅದಕ್ಕೆ ಬಿಲ್ಲೇ ಬೇಡ, ಕಿಲೋಮೀಟರ್ ಬರೆದರೆ ಸಾಕು. 31 ಕಿಲೋಮೀಟರ್ ದಾರಿ 46 ಆಯಿತು. ಬುದ್ಧಿ ಹೇಳಿದ್ದೇನಲ್ಲ ಅನ್ನೋ ಧೈರ್ಯದಲ್ಲಿ ನಾನು ಅದಕ್ಕೂ ಸಹಿ ಹಾಕಿದೆ! ಏಳು ತಿಂಗಳಾದ ಮೇಲೆ ಆಡಿಟ್‌ನವರು ಹಿಡಿದರು. "ಸಾರ್‌ಗೆ ಮೊದಲೇ ಗೊತ್ತಿತ್ತು" ಅಂದ. ಸುಳ್ಳಲ್ಲ ಅಲ್ವಾ? ನಾನು ಎಚ್ಚರಿಕೆ ಕೊಟ್ಟಿದ್ದೆ ಅನ್ನೋದಕ್ಕೆ ಒಂದು ಸಾಲಿನ ಮೇಲ್ ಕೂಡ ಇರಲಿಲ್ಲ. ಅವನ ಕೆಲಸ ಹೋಯಿತು, ನನಗೆ ಲಿಖಿತ ಎಚ್ಚರಿಕೆ ಬಂತು. ಮೂರು ರಸೀದಿ ಇದ್ದಾಗಲೇ ಹೇಳಿದ್ದರೆ ಬಹುಶಃ ದುಡ್ಡು ವಾಪಸ್ ಕಟ್ಟಿಸಿಕೊಂಡು ಬಿಡುತ್ತಿದ್ದರು. ಅವನಿಗೆ ಕರುಣೆ ತೋರಿಸಲು ಹೋಗಿ ಅವನ ಕೆಲಸವನ್ನೇ ಕಳೆದೆ.

ನಿಮ್ಮ ಪ್ರಶ್ನೆಯಿಂದ "ಎಲ್ಲರಿಗೂ ಬೇಕಾದ" ಅನ್ನೋದನ್ನು ತೆಗೆದುಬಿಡಿ. ಮೂಲೆಯಲ್ಲಿ ಕೂರುವ, ಯಾರೂ ಮಾತಾಡಿಸದವನು ಹೀಗೆ ಮಾಡಿದ್ದರೆ ನೀವು ಇಲ್ಲಿ ಕೇಳುತ್ತಲೇ ಇರಲಿಲ್ಲ.

ಅವನಿಗೆ ಏನೂ ಹೇಳದೆ ಹಿಂದಿನ ಕ್ಲೇಮುಗಳ ಪ್ರತಿ ಇಟ್ಟುಕೊಳ್ಳಿ. ಅವನ ರಜೆ, ಮೀಟಿಂಗ್ ದಿನಗಳ ಜೊತೆ ತಾಳೆ ನೋಡಿ. ಕೈತಪ್ಪಾಗಿದ್ದರೆ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಇರುತ್ತದೆ. ಪ್ರತಿ ಸಲವೂ ಅವನ ಕಡೆಗೇ ವಾಲಿದ್ದರೆ ತಪ್ಪಲ್ಲ, ಅಭ್ಯಾಸ. ಕಂಡಿದ್ದಷ್ಟನ್ನೇ ಒಂದು ಪುಟದಲ್ಲಿ ಬರೆದು ಎಚ್‌ಆರ್‌ಗೂ ಹಣಕಾಸು ವಿಭಾಗಕ್ಕೂ ಕೊಡಿ. "ಕಳ್ಳ" ಅನ್ನೋ ಪದ ಬೇಡ. ಅವನನ್ನು ಕೂರಿಸಿ ಕೇಳೋದು ಅವರ ಕೆಲಸ. ಈಗಾಗಲೇ ಅವನ ಹತ್ತಿರ ಮಾತಾಡಿದ್ದರೆ ಅದನ್ನೂ ಬರೆಯಿರಿ. ಈ ತಿಂಗಳ ಕ್ಲೇಮ್ ನಿಮ್ಮ ಮೇಜಿನ ಮೇಲೇ ಇದ್ದರೆ, ಅವರು ಹೇಳುವವರೆಗೂ ಸಹಿ ಹಾಕಬೇಡಿ.